ಬೋರಲು ಮಲಗುವ ರೂಢಿ: ಕುತ್ತಿಗೆ ತಿರುಚದೆ ಮಗ್ಗುಲಿಗೆ ಬರುವುದು ಹೇಗೆ

ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಯಾರಿಗಾದರೂ ಬೋರಲು ಮಲಗಬೇಡಿ ಎಂದು ಹೇಳಲು ನನಗೇ ಸಂಕೋಚವಾಗುತ್ತದೆ. ಹೊರಗೆ 42 ಡಿಗ್ರಿ ಬಿಸಿಲು, ಒಳಗೆ ತಣ್ಣಗಿರುವುದು ಶಹಾಬಾದ್ ಫರಸಿಯ ನೆಲ ಒಂದೇ. ಅಂಗಿ ಕಳಚಿ ಹೊಟ್ಟೆಯನ್ನು ಆ ಕಲ್ಲಿಗೆ ಒತ್ತಿ ಮಲಗಿದರೆ ಸಿಗುವ ಸುಖ ನನಗೂ ಗೊತ್ತು. ಆದರೆ ಫಿಸಿಯೋಥೆರಪಿಸ್ಟ್ ಆಗಿ ಈ ಊರಿನಲ್ಲಿ ಕೆಲಸ ಮಾಡುವ ನನ್ನ ಬಳಿ "ಬೆಳಿಗ್ಗೆ ಎದ್ದಾಗ ಕುತ್ತಿಗೆ ಹಿಡಿದಿರುತ್ತದೆ" ಎಂದು ಬರುವವರಲ್ಲಿ ಹಲವರು ರಾತ್ರಿಯಿಡೀ ಹಾಗೆಯೇ ಮಲಗುವವರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೋರಲು ಮಲಗಿಯೂ ಬೆಳಿಗ್ಗೆ ಹಗುರವಾಗಿ ಏಳುವವರಿದ್ದಾರೆ. ನೀವು ಅಂಥವರಾದರೆ ಇಲ್ಲಿ ಹೇಳುವ ಯಾವುದನ್ನೂ ಮಾಡಬೇಕಾಗಿಲ್ಲ. ಇದು ಎದ್ದ ಕೂಡಲೇ ಕುತ್ತಿಗೆ ಅಥವಾ ಸೊಂಟ ಬಿಗಿದಿರುವ ವಯಸ್ಕರಿಗಾಗಿ ಬರೆದದ್ದು.

ಕಳೆದ ಫೆಬ್ರುವರಿ ಕೊನೆಗೆ ನನ್ನ ಬಳಿ ಬಂದ ಆಟೋ ಚಾಲಕರೊಬ್ಬರ ಉದಾಹರಣೆಯ ಮೇಲೆಯೇ ಇಡೀ ವಿಷಯವನ್ನು ಹೇಳುತ್ತೇನೆ. ವಯಸ್ಸು 44. ಸ್ಟೇಷನ್‌ನಿಂದ ಸೂಪರ್ ಮಾರ್ಕೆಟ್ ಕಡೆಗೆ ಆಟೋ ಓಡಿಸುತ್ತಾರೆ. ರಸ್ತೆಗೆ ಇಳಿಯುವಾಗ ಬಲಕ್ಕೆ ಹೊರಳಿ ಹಿಂದಿನ ವಾಹನ ನೋಡಬೇಕಲ್ಲ, ಅದು ಬೆಳಗಿನ ಹೊತ್ತು ಆಗುತ್ತಿರಲಿಲ್ಲ. ಇಡೀ ಮೈಯನ್ನೇ ತಿರುಗಿಸಬೇಕಾಗುತ್ತಿತ್ತು. "ಅಕ್ಕಾವರೇ, ಹತ್ತು ಗಂಟೆಯ ಹೊತ್ತಿಗೆ ತಾನಾಗಿಯೇ ಸಡಿಲವಾಗುತ್ತದೆ. ಮರುದಿನ ಮತ್ತೆ ಅದೇ ಕಥೆ" ಎಂದರು.

ಬೋರಲು ಮಲಗುವುದು ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. 2021ರಲ್ಲಿ ಕೋವಿಡ್ ಬಂದು ಮನೆಯಲ್ಲೇ ಇದ್ದಾಗ, ಆಮ್ಲಜನಕದ ಮಟ್ಟ ಏರಲೆಂದು ಹಾಗೆ ಮಲಗಲು ಹೇಳಿದ್ದರು. ಜ್ವರ ಹೋಯಿತು, ಭಂಗಿ ಉಳಿಯಿತು. ಆ ವರ್ಷ ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕೊಟ್ಟ ಸೂಚನೆಯಲ್ಲಿ ಎದೆಯಿಂದ ತೊಡೆಯ ಮೇಲ್ಭಾಗದವರೆಗೆ ದಿಂಬು ಇಡಬೇಕೆಂದೂ, ಅರ್ಧ ತಾಸಿನಿಂದ ಎರಡು ತಾಸಿನೊಳಗೆ ಭಂಗಿ ಬದಲಿಸಬೇಕೆಂದೂ ಇತ್ತು. ಜನರಿಗೆ ನೆನಪಿನಲ್ಲಿ ಉಳಿದದ್ದು ಬೋರಲು ಮಲಗುವುದು ಮಾತ್ರ. ದಿಂಬು ಮತ್ತು ಗಡಿಯಾರ ಎರಡೂ ಬಿಟ್ಟುಹೋದವು.

ಒಳಗೆ ಆಗುವುದೇನು

ಕುತ್ತಿಗೆಯಲ್ಲಿ ಏಳು ಮೂಳೆಗಳಿವೆ. ತಲೆಯನ್ನು ಪಕ್ಕಕ್ಕೆ ತಿರುಗಿಸುವ ಕೆಲಸದಲ್ಲಿ ಸುಮಾರು ಅರ್ಧದಷ್ಟನ್ನು ಮೇಲಿನ ಎರಡು ಮೂಳೆಗಳ ನಡುವಿನ ಕೀಲೇ ಮಾಡುತ್ತದೆ. ಆರೋಗ್ಯವಂತರ ಕುತ್ತಿಗೆ ಒಂದೊಂದು ಬದಿಗೆ 70ರಿಂದ 80 ಡಿಗ್ರಿ ತಿರುಗುತ್ತದೆ. ಬೋರಲು ಮಲಗಿದವರು ಉಸಿರಾಡಬೇಕೆಂದರೆ ಹೆಚ್ಚುಕಡಿಮೆ ಆ ಕೊನೆಯ ಮಿತಿಯವರೆಗೆ ತಿರುಗಿಸಲೇಬೇಕು. ಎಚ್ಚರವಿದ್ದಾಗ ಯಾರೂ ಎರಡು ತಾಸು ಭುಜದ ಮೇಲಿಂದ ಹಿಂದಕ್ಕೆ ನೋಡುತ್ತ ಕುಳಿತಿರುವುದಿಲ್ಲ. ನಿದ್ದೆಯಲ್ಲಿ ಅದನ್ನೇ ಮಾಡುತ್ತೇವೆ.

ಹೀಗೆ ತಿರುಚಿಕೊಂಡಾಗ ಒಂದು ಬದಿಯ ಸಣ್ಣ ಕೀಲುಗಳು ಒತ್ತಿಕೊಳ್ಳುತ್ತವೆ, ಇನ್ನೊಂದು ಬದಿಯ ಸ್ನಾಯು ಮತ್ತು ಕಟ್ಟುಗಳು ಎಳೆದುಕೊಂಡಿರುತ್ತವೆ. ಕ್ಷಣಕಾಲ ಎಳೆದರೆ ಅವು ತಕ್ಷಣ ಮೊದಲಿನಂತಾಗುತ್ತವೆ. ತಾಸುಗಟ್ಟಲೆ ಎಳೆದರೆ ನಿಧಾನವಾಗಿ ಸಡಿಲಗೊಂಡು, ಎದ್ದ ಮೇಲೂ ಬಹಳ ಹೊತ್ತು ಹಾಗೆಯೇ ಇರುತ್ತವೆ. ಸುತ್ತಲಿನ ಸ್ನಾಯುಗಳು ಕಾವಲಿಗೆ ನಿಂತಂತೆ ಬಿಗಿಯುತ್ತವೆ. ಬೆಳಗಿನ ಬಿಗಿತ ಬಿಸಿಲೇರಿದಂತೆ ಕಡಿಮೆಯಾಗುವುದಕ್ಕೆ ಕಾರಣ ಇದು. ತಲೆಯ ಕೆಳಗೆ ದಪ್ಪ ದಿಂಬು ಬೇರೆ ಇದ್ದರೆ ಕುತ್ತಿಗೆ ತಿರುಚುವುದರ ಜೊತೆಗೆ ಹಿಂದಕ್ಕೂ ಬಾಗುತ್ತದೆ. ಕೈಗೆ ಹೋಗುವ ನರಗಳು ಹೊರಬರುವ ಕಿಂಡಿಗಳು ಆಗ ಇನ್ನಷ್ಟು ಕಿರಿದಾಗುತ್ತವೆ. ಕೈಯನ್ನು ತಲೆಯ ಮೇಲೆತ್ತಿ ದಿಂಬಿನಡಿ ತೂರಿಸಿಕೊಂಡವರಿಗೆ ನಡುರಾತ್ರಿ ಬೆರಳು ಜುಮ್ಮೆನ್ನುವುದು ಉಂಟು.

ಸೊಂಟದ ಕಥೆ ಇದಕ್ಕಿಂತ ಸರಳ. ಮೈಯಲ್ಲಿ ಹೆಚ್ಚು ಭಾರವಿರುವುದು ನಡುಭಾಗದಲ್ಲಿ. ಹಾಸಿಗೆ ಮೆತ್ತಗಿದ್ದರೆ ಹೊಟ್ಟೆ ಕೆಳಗಿಳಿದು ಬೆನ್ನು ಕಮಾನಿನಂತೆ ಒಳಬಾಗುತ್ತದೆ. ಹತ್ತಿ ಗಾದಿಯ ನಡುವೆ ಹಳ್ಳ ಬಿದ್ದಿದ್ದರೆ ಅಥವಾ ಹೊರಸಿನ ಹಗ್ಗ ಜೋತಿದ್ದರೆ ಈ ಬಾಗು ಹೆಚ್ಚುತ್ತದೆ. ಹಾಗೆಂದು ಬೋರಲು ಮಲಗುವುದು ಎಲ್ಲ ಬೆನ್ನಿಗೂ ಶತ್ರುವಲ್ಲ. ಡಿಸ್ಕ್ ತೊಂದರೆಯಿಂದ ಕಾಲಿಗೆ ಇಳಿಯುವ ನೋವು ಕೆಲವರಲ್ಲಿ ಬೋರಲು ಮಲಗಿದಾಗಲೇ ಕಡಿಮೆಯಾಗುತ್ತದೆ, ನಾವೇ ಅವರನ್ನು ಸ್ವಲ್ಪ ಹೊತ್ತು ಹಾಗೆ ಮಲಗಿಸುತ್ತೇವೆ. ಅಂಥವರು ತಮಗೆ ಚಿಕಿತ್ಸೆ ಕೊಡುವವರನ್ನು ಕೇಳದೆ ಭಂಗಿ ಬದಲಿಸಬಾರದು.

ಮೊದಲ ವಾರ: ಏನನ್ನೂ ಬದಲಿಸದೆ ಬರೆದಿಡಿ

ತಪ್ಪು ನಿದ್ದೆಯದೋ ಹಗಲಿನದೋ ಎಂಬುದು ಮೊದಲು ಗೊತ್ತಾಗಬೇಕು. ಏಳು ದಿನ ಹಾಸಿಗೆಯ ಪಕ್ಕ ಒಂದು ಚೀಟಿ ಇಟ್ಟುಕೊಳ್ಳಿ. ಕಣ್ಣು ಬಿಟ್ಟಾಗ ಯಾವ ಭಂಗಿಯಲ್ಲಿದ್ದೀರಿ, ಮುಖ ಯಾವ ಕಡೆಗಿದೆ, ನೋವು ಹತ್ತರಲ್ಲಿ ಎಷ್ಟು ಎಂಬುದನ್ನು ಬರೆಯಿರಿ. ಆಮೇಲೆ ಹಾಸಿಗೆಯ ಅಂಚಿನಲ್ಲಿ ನೆಟ್ಟಗೆ ಕುಳಿತು, ಭುಜಗಳನ್ನು ಅಲ್ಲಾಡಿಸದೆ, ಗದ್ದವನ್ನು ಒಂದೊಂದು ಭುಜದತ್ತ ತಿರುಗಿಸಿ. ಎಲ್ಲಿ ತಡೆಯುತ್ತದೆ ಎಂದು ಗುರುತಿಸಿಕೊಳ್ಳಿ. ಇದನ್ನೇ ಸಂಜೆ ಏಳಕ್ಕೆ ಮತ್ತೊಮ್ಮೆ ಮಾಡಿ.

ಬೆಳಿಗ್ಗೆ ಹೆಚ್ಚಿದ್ದು ಒಂದೆರಡು ತಾಸಿನಲ್ಲಿ ಕಡಿಮೆಯಾದರೆ ರಾತ್ರಿಯ ಭಂಗಿಯ ಮೇಲೆ ಅನುಮಾನ ಪಡಬೇಕು. ಬೆಳಿಗ್ಗೆ ಚೆನ್ನಾಗಿದ್ದು ಸಂಜೆಗೆ ಹಿಡಿದುಕೊಂಡರೆ ಅದು ಮೊಬೈಲ್, ಹೊಲಿಗೆ ಯಂತ್ರ ಅಥವಾ ಕಂಪ್ಯೂಟರ್ ಮುಂದಿನ ಕೂರುವಿಕೆಯ ಫಲ. ಅದಕ್ಕೆ ಮಲಗುವ ಭಂಗಿ ಬದಲಿಸಿದರೆ ಪ್ರಯೋಜನವಿಲ್ಲ.

ನಮ್ಮ ಚಾಲಕರ ಚೀಟಿಯಲ್ಲಿ ಏಳರಲ್ಲಿ ಐದು ಬೆಳಿಗ್ಗೆ ನೋವು 6 ಎಂದಿತ್ತು. ಗದ್ದ ಎಡಕ್ಕೆ ಸಲೀಸಾಗಿ ಹೋಗುತ್ತಿತ್ತು, ಬಲಕ್ಕೆ ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು. ಮುಖ ಪ್ರತಿದಿನವೂ ಎಡಕ್ಕೇ ಇತ್ತು. ಯಾಕೆ ಎಡಕ್ಕೇ ಎಂದು ಕೇಳಿದೆ. ಅವರಿಗೆ ಹೊಳೆಯಲಿಲ್ಲ. ಜೊತೆಗೆ ಬಂದಿದ್ದ ಅವರ ಹೆಂಡತಿ ನಕ್ಕು, "ಕೂಲರ್ ಎಡಗಡೆ ಕಿಟಕಿಯಲ್ಲಿದೆಯಲ್ಲ" ಎಂದರು. ಫ್ಯಾನು, ಕೂಲರ್, ಗೋಡೆ, ತೊಟ್ಟಿಲಿನ ಮಗು, ಮೊಬೈಲ್ ಚಾರ್ಜರ್ ಇಂಥ ಸಣ್ಣ ಸಂಗತಿಗಳೇ ಕುತ್ತಿಗೆಯ ದಿಕ್ಕನ್ನು ನಿರ್ಧರಿಸುತ್ತವೆ.

ಅದೇ ವಾರ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಬೋರಲು ಮಲಗುವುದರಿಂದ ನಿಮ್ಮ ಮೈಗೆ ಸಿಗುತ್ತಿರುವುದು ಏನು? ಕೆಲವರಿಗೆ ಎದೆ ಮತ್ತು ಹೊಟ್ಟೆಗೆ ಏನೋ ಒತ್ತಿಕೊಂಡಿದ್ದರೆ ನೆಮ್ಮದಿ, ಕೆಲವರಿಗೆ ನೆಲದ ತಂಪು, ಕೆಲವರಿಗೆ ಗೊರಕೆ ಕಡಿಮೆ. ಅದನ್ನು ಬೇರೆ ರೀತಿಯಲ್ಲಿ ಒದಗಿಸದೆ ಬರಿದೇ ಭಂಗಿಯನ್ನು ಕಿತ್ತುಕೊಂಡರೆ ಮೈ ನಿದ್ದೆಯಲ್ಲಿ ಅದನ್ನು ಹುಡುಕಿಕೊಂಡು ಹೋಗುತ್ತದೆ.

ಎರಡನೆಯ ವಾರ: ಬೋರಲು ಇದ್ದುಕೊಂಡೇ ಹಾನಿ ತಗ್ಗಿಸಿ

ಒಮ್ಮೆಲೇ ಅಂಗಾತ ಮಲಗಲು ಹೊರಡುವವರು ಮೂರನೆಯ ರಾತ್ರಿ ನಿದ್ದೆಗೆಟ್ಟು ಬಿಟ್ಟುಬಿಡುತ್ತಾರೆ. ಆದ್ದರಿಂದ ಈ ವಾರ ಬೋರಲೇ ಮಲಗಿ, ಆದರೆ ದಿಂಬಿನ ಜಾಗ ಬದಲಿಸಿ. ತಲೆಯ ಕೆಳಗಿನ ದಿಂಬು ತೆಗೆದುಬಿಡಿ. ಬರೀ ಹಾಸಿಗೆ ಒತ್ತಿದರೆ ಒಂದು ಟವಲನ್ನು ನಾಲ್ಕು ಮಡಿಕೆ ಮಾಡಿ ಹಾಕಿಕೊಳ್ಳಿ. ತೆಗೆದ ದಿಂಬನ್ನು ಹೊಕ್ಕುಳಿನ ಕೆಳಗಿನಿಂದ ತೊಡೆಯ ಸಂದಿನವರೆಗೆ ಬರುವಂತೆ ಅಡ್ಡಲಾಗಿ ಇಡಿ. ಬೆನ್ನಿನ ಕಮಾನು ಇಳಿದದ್ದು ಕೂಡಲೇ ತಿಳಿಯುತ್ತದೆ. ದಿಂಬು ಪಕ್ಕೆಲುಬಿನವರೆಗೆ ಏರಿದ್ದರೆ ಉಸಿರು ಕಟ್ಟಿದಂತಾಗುತ್ತದೆ, ಕೆಳಕ್ಕೆ ಸರಿಸಿ. ಕೈಗಳು ಭುಜದ ಮಟ್ಟಕ್ಕಿಂತ ಕೆಳಗಿರಲಿ.

ಇಷ್ಟಕ್ಕೇ ಚಾಲಕರ ಬೆಳಗಿನ ನೋವು 6ರಿಂದ 4ಕ್ಕೆ ಇಳಿಯಿತು. ಈ ವಾರ ಸ್ವಲ್ಪವೂ ವ್ಯತ್ಯಾಸ ಕಾಣದಿದ್ದರೆ ನಿಮ್ಮ ನೋವಿಗೆ ಬೇರೆ ಕಾರಣವಿರಬಹುದು. ಮುಂದಿನ ಹಂತಕ್ಕೆ ಹೋಗುವ ಮೊದಲು ತೋರಿಸಿಕೊಳ್ಳುವುದು ಒಳ್ಳೆಯದು.

ಮೂರರಿಂದ ಐದನೆಯ ವಾರ: ಮೈಯನ್ನು ಮುಖದತ್ತ ತನ್ನಿ

ಇಲ್ಲಿ ಬಹಳ ಜನ ಎಡವುತ್ತಾರೆ. ಮುಖ ನೆಟ್ಟಗೆ ಮಾಡಿಕೊಳ್ಳಬೇಕು ಎಂದು ಕುತ್ತಿಗೆಯ ಜೊತೆ ಗುದ್ದಾಡುತ್ತಾರೆ. ಮುಖ ಎಲ್ಲಿದೆಯೋ ಅಲ್ಲಿಯೇ ಇರಲಿ. ಮೈಯನ್ನು ಆ ಕಡೆಗೆ ಹೊರಳಿಸಿದರೆ ತಿರುಚು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಇದಕ್ಕೆ ಒಂದು ಲೋಡು ಬೇಕು. ಅಂಗಡಿಯದೇ ಆಗಬೇಕೆಂದಿಲ್ಲ. ಮನೆಯಲ್ಲಿರುವ ಹಳೆಯ ಕೌದಿಯನ್ನು ಬಿಗಿಯಾಗಿ ಸುರುಳಿ ಸುತ್ತಿ, ಬಿಚ್ಚಿಕೊಳ್ಳದಂತೆ ಮೂರು ಕಡೆ ಲಾಡಿಯಿಂದ ಕಟ್ಟಿ. ನಿಮ್ಮ ಎದೆಯಿಂದ ಮೊಣಕಾಲಿನವರೆಗೆ ಬರುವಷ್ಟು ಉದ್ದ, ಸುಮಾರು ಒಂದು ಗೇಣು ದಪ್ಪ ಇದ್ದರೆ ಸಾಕು.

ಬೋರಲು ಮಲಗಿದಾಗ ಮುಖ ಎಡಕ್ಕಿದೆ ಎಂದುಕೊಳ್ಳಿ. ಲೋಡನ್ನು ಎಡಗಡೆ ಮೈಗುಂಟ ಇಡಿ. ಎಡ ಎದೆ, ಎಡ ತೋಳು, ಮಡಿಸಿದ ಎಡ ಮೊಣಕಾಲು ಮೂರೂ ಲೋಡಿನ ಮೇಲೆ ಬರಲಿ. ಆಗ ಮೈಯ ಎಡಭಾಗ ಮೇಲೆದ್ದು, ಭಾರ ಬಲ ಮಗ್ಗುಲಿನ ಮುಂಭಾಗಕ್ಕೆ ಬೀಳುತ್ತದೆ. ನೀವು ಅರ್ಧ ಬೋರಲು, ಅರ್ಧ ಮಗ್ಗುಲು ಇರುತ್ತೀರಿ. ಎದೆ ಮತ್ತು ಹೊಟ್ಟೆಗೆ ಒತ್ತಿಕೊಳ್ಳಲು ಏನೋ ಇದೆ, ಕುತ್ತಿಗೆಯ ತಿರುಚು ಮಾತ್ರ ಅರ್ಧಕ್ಕಿಂತ ಕಡಿಮೆಯಾಗಿದೆ. ಕೆಳಗಿನ ಕೈ ಬೆನ್ನ ಹಿಂದೆ ಸಿಕ್ಕಿಕೊಳ್ಳದಂತೆ ಮುಂದಕ್ಕೆ ತೆಗೆದುಕೊಳ್ಳಿ.

ಮುಖ ಬಲಕ್ಕಿರುವವರು ಎಲ್ಲವನ್ನೂ ಅದಲು ಬದಲು ಮಾಡಿಕೊಳ್ಳಬೇಕು. ಐದಾರು ರಾತ್ರಿ ಇದು ಹೊಂದಿಕೊಂಡ ಮೇಲೆ ಲೋಡನ್ನು ಮೈಯ ಕೆಳಗಿನಿಂದ ಸ್ವಲ್ಪ ಸ್ವಲ್ಪವೇ ಹೊರಕ್ಕೆ ಸರಿಸುತ್ತ ಬನ್ನಿ. ಎದೆ ಅದರ ಮೇಲೆ ಒರಗುವುದು ಹೋಗಿ ಬರೀ ತಬ್ಬಿಕೊಳ್ಳುವುದು ಉಳಿದಾಗ ನೀವು ಪೂರ್ತಿ ಮಗ್ಗುಲಿಗೆ ಬಂದಿರುತ್ತೀರಿ. ಮುಂದಕ್ಕೆ ಉರುಳಿ ಬೋರಲಾಗದಂತೆ ತಡೆಯುವುದೂ ಇದೇ ಲೋಡು.

ಬನಿಯನ್ನಿನ ಎದೆಗೆ ಚೆಂಡು ಹೊಲಿದುಕೊಳ್ಳುವ ಉಪಾಯವನ್ನು ಕೆಲವರು ಹೇಳುತ್ತಾರೆ. ನನಗೆ ಅದು ಸರಿ ಬರುವುದಿಲ್ಲ. ನಿದ್ದೆ ಕೆಡಿಸಿ ಕಲಿಸುವ ಭಂಗಿ ಚೆಂಡು ಕಿತ್ತ ಮರುದಿನ ಮರೆತುಹೋಗುತ್ತದೆ.

ಮಗ್ಗುಲಿಗೆ ಬಂದ ಮೇಲೆ ದಿಂಬಿನ ಲೆಕ್ಕ

ಬೋರಲು ಮಲಗುವಾಗ ಬೇಡವಾಗಿದ್ದ ದಿಂಬು ಈಗ ಬೇಕು. ಇದನ್ನು ಮರೆತರೆ ತಲೆ ಕೆಳಕ್ಕೆ ಜೋತು ಹೊಸ ನೋವು ಹುಟ್ಟುತ್ತದೆ. ಭುಜದ ತುದಿಯಿಂದ ಕಿವಿಯವರೆಗಿನ ಅಂತರವನ್ನು ದಿಂಬು ತುಂಬಬೇಕು. ಬಹಳ ಜನರಿಗೆ ತಲೆಯಿಟ್ಟು ಒತ್ತಿದ ಮೇಲೆ ಉಳಿಯುವ ಎತ್ತರ 4ರಿಂದ 6 ಅಂಗುಲದ ನಡುವೆ ಬರುತ್ತದೆ. ಹೊಸದನ್ನು ಕೊಳ್ಳುವ ಮೊದಲು ಟವಲುಗಳನ್ನು ಮಡಿಸಿ ಒಂದರ ಮೇಲೊಂದಿಟ್ಟು ಪರೀಕ್ಷಿಸಿ. ನೀವು ಮಗ್ಗುಲಾಗಿ ಮಲಗಿ, ಮನೆಯವರೊಬ್ಬರು ಎದುರಿನಿಂದ ನೋಡಲಿ. ಮೂಗು, ಗದ್ದ, ಎದೆಯ ನಡುಗೆರೆ ಮೂರೂ ನೆಲಕ್ಕೆ ಸಮಾನಾಂತರವಾಗಿ ಒಂದೇ ಸಾಲಿನಲ್ಲಿ ಕಂಡರೆ ಎತ್ತರ ಸರಿಯಾಗಿದೆ.

ನೆಲದ ಮೇಲೆ ಚಾಪೆ ಹಾಸಿ ಮಲಗುವವರಿಗೆ ದಿಂಬು ಹೆಚ್ಚು ಎತ್ತರ ಬೇಕು, ಮೆತ್ತನೆಯ ಗಾದಿಯವರಿಗೆ ಕಡಿಮೆ ಸಾಕು. ಗಾದಿಯಲ್ಲಿ ಭುಜ ಒಳಗಿಳಿಯುತ್ತದೆ, ಫರಸಿಯಲ್ಲಿ ಇಳಿಯುವುದಿಲ್ಲ. ಹತ್ತಿ ದಿಂಬು ಗಂಟುಗಟ್ಟಿದ್ದರೆ ಗಾದಿ ಹಾಕುವವರ ಬಳಿ ಒಮ್ಮೆ ಹಿಂಜಿಸಿ. ಎಷ್ಟೋ ಸಲ ದುಬಾರಿ ದಿಂಬಿಗಿಂತ ಇದೇ ಮೇಲು.

ಮೇಲಿನ ಮೊಣಕಾಲು ಲೋಡಿನ ಮೇಲೆಯೇ ಇರಲಿ. ಅದು ಹಾಸಿಗೆಗೆ ಬಿದ್ದರೆ ಸೊಂಟ ತಿರುಚುತ್ತದೆ. ಕುತ್ತಿಗೆಯನ್ನು ಉಳಿಸಿ ಸೊಂಟ ಹಿಡಿಸಿಕೊಂಡವರನ್ನೂ ನಾನು ನೋಡಿದ್ದೇನೆ.

ಗೊರಕೆ ಜೋರಾಗಿರುವವರು, ನಿದ್ದೆಯಲ್ಲಿ ಉಸಿರು ನಿಂತಂತಾಗುವವರು ಅಂಗಾತ ಮಲಗುವ ಗೊಡವೆಗೆ ಹೋಗದೆ ಮಗ್ಗುಲಲ್ಲೇ ನಿಲ್ಲಬೇಕು. ಅಂಗಾತವಾದರೆ ನಾಲಿಗೆ ಹಿಂದಕ್ಕೆ ಜಾರಿ ಅದು ಹೆಚ್ಚುತ್ತದೆ. ರಾತ್ರಿ ಹತ್ತಕ್ಕೆ ರೊಟ್ಟಿ, ಖಾರ ಬ್ಯಾಳಿ ಉಂಡು ಎದೆಯುರಿ ಪಡುವವರಿಗೆ ಎಡ ಮಗ್ಗುಲು ಲೇಸು. ನಮ್ಮ ಚಾಲಕರಿಗೆ ಎದೆಯುರಿಯೂ ಇತ್ತು. ಮುಖ ಎಡಕ್ಕಿದ್ದುದರಿಂದ ಅವರು ಬಲ ಮಗ್ಗುಲಿಗೇ ಬರುತ್ತಿದ್ದರು. ಕೂಲರ್ ಕಿಟಕಿಯಿಂದ ಏಳುವಂತಿರಲಿಲ್ಲ, ಹಾಸಿಗೆಯನ್ನೇ ತಲೆ ಕಾಲು ಅದಲು ಬದಲು ಮಾಡಿದರು. ಮರುರಾತ್ರಿಯಿಂದ ಮುಖ ಬಲಕ್ಕೆ, ಮೈ ಎಡ ಮಗ್ಗುಲಿಗೆ ಬಂತು. ಗಾಳಿ ನೇರವಾಗಿ ಕುತ್ತಿಗೆಗೆ ಬಡಿಯದಂತೆ ರೆಕ್ಕೆಗಳನ್ನು ಕಾಲಿನತ್ತ ತಿರುಗಿಸಿದರು.

ಎಲ್ಲಿ ಕೆಡುತ್ತದೆ

ನಡುರಾತ್ರಿ ಎಚ್ಚರವಾದಾಗ ಬೋರಲು ಬಿದ್ದಿರುವುದು ಕಂಡರೆ ಬೇಸರ ಬೇಡ. ಮೊದಲ ತಿಂಗಳು ಅದು ಸಹಜ. ತಲೆಯನ್ನು ಮಾತ್ರ ಹೊರಳಿಸದೆ, ಭುಜ ಮತ್ತು ಸೊಂಟವನ್ನು ಒಟ್ಟಿಗೆ ತಿರುಗಿಸಿ ಲೋಡಿಗೆ ಮರಳಿ. ರಾತ್ರಿಗೆ ಎಷ್ಟು ಸಲ ಬೋರಲಾದಿರಿ ಎಂದು ಎಣಿಸುವುದಕ್ಕಿಂತ ಬೆಳಗಿನ ನೋವಿನ ಅಂಕಿಯನ್ನು ನೋಡಿಕೊಳ್ಳಿ.

ಕೆಳಗಿನ ಭುಜ ನೋಯಲು ಶುರುವಾದರೆ ನೀವು ನೇರವಾಗಿ ಭುಜದ ಗುಂಡಿನ ಮೇಲೆ ಮಲಗುತ್ತಿದ್ದೀರಿ. ಭುಜವನ್ನು ಸ್ವಲ್ಪ ಮುಂದಕ್ಕೆಳೆದು, ಭಾರ ಹಿಂದಿನ ಹೆಗಲ ಮೂಳೆಯ ಮೇಲೆ ಬೀಳುವಂತೆ ಮಾಡಿ. ಸೊಂಟದ ಪಕ್ಕದ ಮೂಳೆ ಒತ್ತಿದರೆ ಚಾಪೆಯ ಮೇಲೆ ಕೌದಿಯನ್ನು ಎರಡು ಮಡಿಕೆ ಹಾಸಿ. ಸೆಕೆಗೆ ಲೋಡು ತಬ್ಬಿಕೊಳ್ಳಲಾಗದಿದ್ದರೆ ಕೌದಿಯ ಬದಲು ತೆಳ್ಳನೆಯ ಹತ್ತಿ ಚಾದರವನ್ನು ಸುತ್ತಿ ಮೊಣಕಾಲು, ತೋಳುಗಳಿಗೆ ಮಾತ್ರ ಆಸರೆ ಕೊಡಿ.

ಯುಗಾದಿಗೆ ಚಾಲಕರು ಚಿತ್ತಾಪುರ ತಾಲ್ಲೂಕಿನ ತಮ್ಮ ಹಳ್ಳಿಗೆ ಹೋಗಿ ಮಾಳಿಗೆಯ ಮೇಲೆ ಹೊರಸಿನಲ್ಲಿ ಎರಡು ರಾತ್ರಿ ಕಳೆದರು. ಆಗ ನಾಲ್ಕನೆಯ ವಾರ. ಲೋಡು ಮನೆಯಲ್ಲೇ ಉಳಿದಿತ್ತು. ಜೋತ ಹಗ್ಗದ ಹೊರಸಿನಲ್ಲಿ ಮಗ್ಗುಲಾಗಿ ನಿಲ್ಲುವುದು ಯಾರಿಗೂ ಆಗುವುದಿಲ್ಲ, ಮೈ ನಡುಗುಂಡಿಗೆ ಜಾರುತ್ತದೆ. ನೋವು 3ರಿಂದ ಮತ್ತೆ 6ಕ್ಕೆ ಏರಿತು. ಹೊರಸಿನ ಕಾಲಿನ ಕಡೆಯ ಹಗ್ಗ ಬಿಗಿಸಿ, ಅದೂ ಆಗದಿದ್ದರೆ ಹೊರಸು ಬಿಟ್ಟು ಮಾಳಿಗೆಯ ನೆಲದಲ್ಲೇ ಚಾಪೆ ಹಾಸಿ ಎಂದೆ. ಸುತ್ತಿದ ಧೋತರವೂ ಲೋಡಿನ ಕೆಲಸ ಮಾಡುತ್ತದೆ ಎಂದು ಅವರೇ ಮುಂದಿನ ಸಲ ಕಂಡುಕೊಂಡರು.

ಬೆಳಿಗ್ಗೆ ಎದ್ದ ಕೂಡಲೇ ಕುತ್ತಿಗೆ ಲಟಕಿಸಬೇಡಿ. ಹಾಸಿಗೆಯಲ್ಲೇ ಅಂಗಾತವಾಗಿ, ತಲೆಯನ್ನು ದಿಂಬಿನಿಂದ ಎತ್ತದೆ ಎಡಕ್ಕೂ ಬಲಕ್ಕೂ ಹತ್ತು ಸಲ ನಿಧಾನವಾಗಿ ಉರುಳಿಸಿ. ಆಮೇಲೆ ಗದ್ದವನ್ನು ಮೆಲ್ಲಗೆ ಗಂಟಲಿನತ್ತ ಎಳೆದು ಐದು ಸೆಕೆಂಡು ಹಿಡಿದು ಬಿಡಿ, ಹೀಗೆ ಎಂಟು ಸಲ. ಕ್ಷೌರದಂಗಡಿಯಲ್ಲಿ ಮಾಲೀಸು ಮುಗಿದ ಮೇಲೆ ಗದ್ದ ಹಿಡಿದು ಚಟ್ಟೆಂದು ತಿರುವುತ್ತಾರಲ್ಲ, ಅದಕ್ಕೆ ಕೈಮುಗಿದು ಬೇಡವೆನ್ನಿ. ಕುತ್ತಿಗೆಯೊಳಗಿನಿಂದ ಮೆದುಳಿಗೆ ಹೋಗುವ ರಕ್ತನಾಳದ ಒಳಪದರ ಆ ಎಳೆತಕ್ಕೆ ಹರಿದು ಪಾರ್ಶ್ವವಾಯು ಆದ ಉದಾಹರಣೆಗಳಿವೆ. ಅಪರೂಪ ನಿಜ, ಆದರೆ ಒಮ್ಮೆ ಆದರೆ ತಿರುಗಿ ಸರಿಮಾಡಲು ಬರುವುದಿಲ್ಲ.

ಭಂಗಿ ಬಿಟ್ಟು ವೈದ್ಯರ ಬಳಿ ಹೋಗಬೇಕಾದ ಸಂದರ್ಭ

ನೋವು ಮೊಣಕೈ ದಾಟಿ ಬೆರಳಿಗೆ ಇಳಿದು ಹಗಲಿನಲ್ಲೂ ಜುಮ್ಮೆನ್ನುತ್ತಿದ್ದರೆ, ಲೋಟ ಕೈಯಿಂದ ಜಾರುತ್ತಿದ್ದರೆ, ಅಂಗಿಯ ಗುಂಡಿ ಹಾಕಲು ತಡಕಾಡುತ್ತಿದ್ದರೆ, ನಡಿಗೆ ತೊಡರುತ್ತಿದ್ದರೆ ದಿಂಬಿನ ಪ್ರಯೋಗ ನಿಲ್ಲಿಸಿ. ಜ್ವರ, ತೂಕ ಇಳಿಯುವಿಕೆ, ಯಾವ ಭಂಗಿಯಲ್ಲೂ ಬಿಡದ ರಾತ್ರಿ ನೋವು, ಬಿದ್ದು ಪೆಟ್ಟಾದ ಮೇಲೆ ಶುರುವಾದ ನೋವು ಕೂಡ ಹಾಗೆಯೇ. ಮೂತ್ರ ಅಥವಾ ಮಲದ ಮೇಲಿನ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬಸುರಿಯರು ಕೊನೆಯ ಮೂರು ತಿಂಗಳು ಮಗ್ಗುಲಾಗಿಯೇ ಮಲಗಬೇಕು. ಕೂಸುಗಳ ನಿಯಮವೇ ಬೇರೆ: ಒಂದು ವರ್ಷದೊಳಗಿನ ಮಗುವನ್ನು ಯಾವಾಗಲೂ ಅಂಗಾತವೇ ಮಲಗಿಸಬೇಕು, ಸುತ್ತ ದಿಂಬು ಲೋಡು ಏನೂ ಇರಬಾರದು.

ಎಂಟನೆಯ ವಾರ ಚಾಲಕರ ಚೀಟಿಯಲ್ಲಿ ಹೆಚ್ಚಿನ ದಿನ 1 ಎಂದಿತ್ತು, ಗದ್ದ ಬಲ ಭುಜದ ಹತ್ತಿರ ಹೋಗುತ್ತಿತ್ತು. ಮಧ್ಯಾಹ್ನ ಮಾತ್ರ ಊಟವಾಗಿ ಒಂದು ತಾಸು ಕಳೆದ ಮೇಲೆ ಫರಸಿಯ ಮೇಲೆ ಹೊಟ್ಟೆಯಿಟ್ಟು ಇಪ್ಪತ್ತು ನಿಮಿಷ ಮಲಗುತ್ತೇನೆ, ಬಿಡಲಾಗುವುದಿಲ್ಲ ಎಂದರು. ಎರಡೂ ಮುಂಗೈಗಳನ್ನು ಒಂದರ ಮೇಲೊಂದಿಟ್ಟು ಹಣೆಯನ್ನು ಅದರ ಮೇಲೆ ಊರಿ, ಮುಖ ಕೆಳಗೇ ಇರಲಿ, ಪಕ್ಕಕ್ಕೆ ತಿರುಗಿಸಬೇಡಿ ಎಂದೆ. ಅಲಾರಂ ಇಡುವ ಕೆಲಸವನ್ನು ಅವರ ಹೆಂಡತಿ ವಹಿಸಿಕೊಂಡರು.